ಕೊರೆಯದೆ ಬಿಟ್ಟ ದಳ

ಜೂನ್ ೩, ಸೋಮವಾರ

ಇವತ್ತು ಮಾದಾಪುರದಲ್ಲಿ ನನ್ನ ಬಾಗಿಲು ನೋಡಿದೆ. ಮರದಲ್ಲಲ್ಲ, ಗಾಜಿನಲ್ಲಿ.

ಹೋದದ್ದು ಕೆಲಸ ಕೇಳಲು. ಮನೆಗಳ ಒಳಾಂಗಣ ಮಾಡುವ ಕಂಪನಿಯೊಂದಕ್ಕೆ ಬಾಗಿಲು ಕೂರಿಸುವ ಬಡಿಗರು ಬೇಕಂತೆ ಎಂದು ಜಿಯಾಗುಡದ ಮರದ ಅಡ್ಡೆಯವನು ಹೇಳಿದ್ದ. ಸಂಕ್ರಾಂತಿ ಆದಮೇಲೆ ನನ್ನ ಉಳಿಗೆ ಕೆಲಸವೇ ಬಿದ್ದಿಲ್ಲ. ಜನ ಈಗ ಅಂಗಡಿಯಿಂದ ಅಚ್ಚಿನ ಬಾಗಿಲು ತರುತ್ತಾರೆ. ಅದಕ್ಕೆ ಕೀಲು ಹೊಡೆಯುವುದಕ್ಕಾದರೂ ಕರೆದರೆ ಸಾಕು ಎನ್ನುವಲ್ಲಿಗೆ ಬಂದು ನಿಂತಿದ್ದೇನೆ. ಮನೆಯಲ್ಲಿ ಸೊಸೆ ದುಡಿದು ತರುವುದು, ನಾನು ತಟ್ಟೆ ಮುಂದೆ ಕೂರುವುದು. ಇದೇ ಕೊನೆತನಕ ಎಂದರೆ ನನಗೆ ಆಗುವುದಿಲ್ಲ.

ಅಲ್ಲಿ ಮಹೇಶಕುಮಾರ ಎಂಬ ಹುಡುಗ ಸಿಕ್ಕ. ಬೀದರಿನವನು. ಕಂಪ್ಯೂಟರಿನಲ್ಲಿ ಬಾಗಿಲು, ಕಪಾಟುಗಳ ಚಿತ್ರ ಮಾಡುವುದು ಅವನ ಕೆಲಸ. ನನ್ನ ತೆಲುಗು ಕೇಳಿ ನಕ್ಕು, "ಕಾಕಾ, ನೀವು ನಮ್ಮ ಕಡಿಯವ್ರಲ್ರಿ?" ಎಂದ. ಗುರುಮಠಕಲ್ ಎಂದೆ. ಹೆಸರು ಅಮರೇಶಪ್ಪ ಎಂದೆ. ಚಹಾ ತರಿಸಿದ. ಆಮೇಲೆ ಟ್ಯಾಬ್ ನನ್ನ ಕಡೆ ತಿರುಗಿಸಿ, "ಇಂಥಾ ಬಾಗಲಾ ಕುಂದರಸಬೇಕ್ರಿ. ವಜ್ಜಿ ಭಾಳ ಇರ್ತಾವ" ಎಂದ.

ಅಮೃತಶಿಲೆಯ ಮೆಟ್ಟಿಲು, ಮೇಲೆ ಸಾಗವಾನಿ ಬಾಗಿಲು. ಎಡಗಡೆಯಿಂದ ಬೆಳಗಿನ ಬಿಸಿಲು ಬಿದ್ದು, ಬಳ್ಳಿಯ ಒಂದೊಂದು ಎಲೆಯೂ ತನ್ನ ನೆರಳು ಚೆಲ್ಲಿತ್ತು. ಮೇಲೆ ಎರಡು ಹಂಸ. ನಡುವೆ ಕಮಲ. ಫೋಟೋ ಎಂದೇ ತಿಳಿದೆ. ನನ್ನ ಕೈ ತನಗೆ ತಾನೇ ಗಾಜಿನ ಮೇಲೆ ಹೋಯಿತು, ಬಾಗಿಲು ಗರ್ರನೆ ತಿರುಗಿತು. ಫೋಟೋ ಆಗಿದ್ದರೆ ತಿರುಗುತ್ತಿರಲಿಲ್ಲ.

"ಇದು ನನ್ನ ಬಾಗಲಾ" ಎಂದೆ.

"ಕಮಲದ ಬಾಗಲಾ ಎಲ್ಲಾ ಕಡಿ ಇರ್ತಾವ್ರಿ ಕಾಕಾ."

"ಕೆಳಗ ಬಲಕ್ಕಿನ ದಳ ದೊಡ್ಡದು ಮಾಡಿ ತೋರ್ಸು."

ಎರಡು ಬೆರಳಿನಿಂದ ಹಿಗ್ಗಿಸಿದ. ಆ ದಳ ಸಪಾಟಾಗಿತ್ತು. ಸುತ್ತ ಗೆರೆ ಮಾತ್ರ. ಅವನು ಅದನ್ನು ಡಿಸೈನ್ ಎಂದುಕೊಂಡಿದ್ದನಂತೆ. ಡಿಸೈನ್ ಅಲ್ಲ, ನಮ್ಮ ಮನೆತನದ ಪದ್ಧತಿ ಎಂದೆ. ನಾವು ಕಮಲದ ಒಂದು ದಳವನ್ನು ಕೊರೆಯದೆ ಬಿಡುತ್ತೇವೆ. ಗೃಹಪ್ರವೇಶದ ದಿನ ಮನೆಯ ಯಜಮಾನ ಅದರ ಮೇಲೆ ಉಳಿ ಇಟ್ಟು, ಮರದ ಕೊಡತಿಯಿಂದ ಮೊದಲ ಏಟು ಹಾಕಬೇಕು. ಆಮೇಲೆ ನಾವು ಪೂರ್ತಿ ಮಾಡುತ್ತೇವೆ. ಆಗಲೇ ಬಾಗಿಲು ಆ ಮನೆಯದಾಗುತ್ತದೆ.

ಹುಡುಗ ಪೂರಾ ಕೇಳಿದ. "ಹಂಗಂದ್ರ ಮೂಲ ಬಾಗಲಾ ಎಲ್ಲೈತ್ರಿ?"

"ನಮ್ಮ ಶೆಡ್ಡಿನಾಗ ಐತಿ."

ಅರ್ಧ ಹೇಳಿದೆ. ಉಳಿದರ್ಧ ಬಾಯಿಗೆ ಬರಲಿಲ್ಲ.

ಜೂನ್ ೪, ಮಂಗಳವಾರ

ಸೊಸೆ ಗುರುದೇವಿ ಶಂಶಾಬಾದ್ ವಿಮಾನ ನಿಲ್ದಾಣದ ಕ್ಯಾಂಟೀನಿಗೆ ಹೊರಟು ನಿಂತಿದ್ದಳು. ಶೆಡ್ಡಿನ ಬಾಗಿಲಿನ ಚಿತ್ರ ಯಾರಿಗಾದರೂ ಕೊಟ್ಟಿದ್ದೀಯಾ ಎಂದು ಕೇಳಿದೆ. ಚಪ್ಪಲಿ ಮೆಟ್ಟಿದವಳು ಹಾಗೇ ನಿಂತಳು.

"ದೀಪಾವಳಿ ಮುಂದ ಮಾರಾಕ ಹಾಕಿದ್ದೆನ್ರಿ, ಫೋನಿನಾಗ. ಒಬ್ಬಾಂವ ವಿಡಿಯೋ ಕೇಳಿದ. ಸುತ್ತ ಅಡ್ಡ್ಯಾಡಿ, ಎಲ್ಲಾ ಮೂಲಿ ಕಾಣೂ ಹಂಗ ಕಳಸು ಅಂದ. ಕಳಸಿದ್ಯಾ. ಆಮ್ಯಾಲ ಬರಲೇ ಇಲ್ರಿ."

"ನನಗ ಕೇಳದ?"

"ನಿಮಗ ಕೇಳಿದ್ರ ಹೂಂ ಅಂತಿದ್ರೇನ್ರಿ ಮಾವಾರ?"

ಹೋದಳು. ಅದನ್ನು ಮಾರಲು ಅವಳಿಗೆ ಹೇಗೆ ಮನಸ್ಸು ಬಂತು? ಅದು ನನ್ನ ಮಗನ ಮನೆಗೆ ನಾನು ಕೊರೆದ ಬಾಗಿಲು. ಅತ್ತಾಪುರದ ಆಚೆ ಅವನು ಎರಡು ಕೋಣೆ ಕಟ್ಟಿಸಿದ್ದ. ಮುಹೂರ್ತ ಇಟ್ಟಾಗಿತ್ತು, ಬಾಗಿಲಿಗೆ ಪಾಲಿಶ್ ಒಂದು ಬಾಕಿ. ಕರೋನಾದ ಎರಡನೇ ಅಲೆ ಬಂತು, ಅವನು ಹೋದ. ಮನೆ ಮಾರಿದೆವು.

ಉಳಿದರ್ಧ ಇದೇ. ಒಳಗೆ ಕಾಲಿಡುವ ಮುಂಚೆ ಯಜಮಾನ ತೀರಿಹೋದರೆ ಆ ದಳವನ್ನು ಯಾರೂ ಮುಟ್ಟಬಾರದು. ಆ ಬಾಗಿಲನ್ನು ಬೇರೆ ಯಾವ ಮನೆಗೂ ನಿಲ್ಲಿಸಬಾರದು. ಖಾಲಿ ಉಳಿದ ದಳವೆಂದರೆ ಸತ್ತವನ ಬಾಗಿಲು. ನನ್ನ ಅಪ್ಪ ಅಂಥದ್ದು ಒಂದನ್ನು ಹೊಲದ ಬಾವಿಯ ಹತ್ತಿರ ಸುಟ್ಟಿದ್ದ. ನನಗೆ ಸುಡಲು ಆಗಲಿಲ್ಲ, ತಾಡಪತ್ರಿ ಹೊದಿಸಿ ಇಟ್ಟಿದ್ದೇನೆ.

ಜೂನ್ ೮, ಶನಿವಾರ

ಮಹೇಶ ಮನೆಗೆ ಬಂದ. ತಾಡಪತ್ರಿ ಅವನೇ ಸರಿಸಿದ, ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಟ್ಯಾಬನ್ನು ಬಾಗಿಲಿನ ಪಕ್ಕ ಹಿಡಿದು ನೋಡಿದ. ಎಡ ಹಂಸದ ಕೊರಳಲ್ಲಿ ಒಂದು ಗಂಟು ಇದೆ, ಅಲ್ಲಿ ಉಳಿ ಚೂರು ಜಾರಿತ್ತು. ಗಾಜಿನ ಮೇಲೂ ಆ ಜಾರು ಇತ್ತು. "ನಿಮ್ದೇ ಐತ್ರಿ ಕಾಕಾ, ಮಾತೇ ಇಲ್ಲ" ಎಂದು ತಲೆ ಕೆರೆದುಕೊಂಡ. ಅವರ ಕಂಪನಿ ಇದನ್ನು ಇಂಥ ಮಾದರಿಗಳನ್ನು ಮಾರುವ ಒಂದು ಆನ್‌ಲೈನ್ ಅಂಗಡಿಯಿಂದ ತೆಗೆದುಕೊಂಡದ್ದಂತೆ. ವಿಡಿಯೋ ತರಿಸಿಕೊಂಡವನೇ ಮಾಡಿ ಮಾರಿರಬೇಕು.

ಹೇಗೆ ಮಾಡುತ್ತಾರೆ ಎಂದು ಕೇಳಿದೆ. ಕಲಿಯುವ ಆಸೆಗಲ್ಲ, ಕಳ್ಳ ಯಾವ ಕಿಟಕಿಯಿಂದ ಬಂದ ಎಂದು ತಿಳಿಯಲು. ವಿಡಿಯೋವನ್ನು ಬಿಡಿ ಚಿತ್ರಗಳಾಗಿ ಕತ್ತರಿಸುತ್ತಾರಂತೆ. ಎಲೆಯ ತುದಿಯೊಂದು ಈ ಚಿತ್ರದಲ್ಲಿ ಇಲ್ಲಿ, ಆ ಚಿತ್ರದಲ್ಲಿ ಅಲ್ಲಿ ಕಾಣುತ್ತದಲ್ಲ, ಆ ವ್ಯತ್ಯಾಸದಿಂದ ಫೋನು ಎಲ್ಲೆಲ್ಲಿ ನಿಂತಿತ್ತು, ತುದಿ ಎಷ್ಟು ಎತ್ತರದಲ್ಲಿದೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಹಾಗೆ ಲಕ್ಷಗಟ್ಟಲೆ ಚುಕ್ಕಿ. ಚುಕ್ಕಿ ಚುಕ್ಕಿ ಸೇರಿಸಿ ಸಣ್ಣ ತ್ರಿಕೋನಗಳ ಬಲೆ. ಆ ಬಲೆಯ ಮೇಲೆ ಮರದ ಬಣ್ಣ ಹೊದಿಸಿ, ಸುಳ್ಳು ಸೂರ್ಯನೊಂದನ್ನು ನಿಲ್ಲಿಸಿ, ಬೆಳಕು ಎಲ್ಲಿ ಬಿದ್ದು ಎಲ್ಲಿ ಪುಟಿಯುತ್ತದೆ ಎಂದು ಒಂದೊಂದು ಕಿರಣವನ್ನೂ ಎಣಿಸಿದರೆ ನಾನು ನೋಡಿದ ಬಿಸಿಲು. ಅದಕ್ಕೆ ರೆಂಡರ್ ಎನ್ನುತ್ತಾರೆ.

"ಪಾಲಿಶ್ ಇಲ್ಲದ್ದು ಚಲೋ ಆಗ್ಯಾದ್ರಿ. ಹೊಳಪಿದ್ರ ಚುಕ್ಕಿ ಸಿಗೂದಿಲ್ಲ, ಬಲೀ ಹರಿತದ" ಎಂದ.

ಪಾಲಿಶ್ ಯಾಕೆ ಇಲ್ಲ ಎಂದು ಅವನು ಕೇಳಲಿಲ್ಲ. ಹೋಗುವಾಗ ಒಂದು ಅಳತೆ ಕೇಳಿದ. ಆ ಬಲೆಗೆ ಆಕಾರ ಗೊತ್ತು, ಅಳತೆ ಗೊತ್ತಿಲ್ಲವಂತೆ. ಬೆಂಕಿಪೆಟ್ಟಿಗೆಯೂ ಆಗಬಹುದು, ಕೋಟೆಬಾಗಿಲೂ ಆಗಬಹುದು. ಒಂದೇ ಒಂದು ನಿಜವಾದ ಅಳತೆ ಸಿಕ್ಕರೆ ಉಳಿದದ್ದೆಲ್ಲ ಕೂತುಕೊಳ್ಳುತ್ತದೆ. ಇಲ್ಲಿಯತನಕ ಅಂದಾಜಿನಲ್ಲಿ ಇಟ್ಟಿದ್ದರು. ಕಮಲಕ್ಕೆ ಟೇಪ್ ಹಿಡಿದು ಹೇಳಿದೆ. ಯಾಕೆ ಹೇಳಿದೆನೋ.

ಜೂನ್ ೧೨, ಬುಧವಾರ

ಕಂಪನಿಯ ಮಾಲೀಕ ಸೀತಾರಾಮ ಕರೆಸಿದ. ಜಗಳಕ್ಕೆ ಸಜ್ಜಾಗಿ ಹೋಗಿದ್ದೆ. ಅವನು ಎದ್ದು ನಿಂತು ಕೈ ಮುಗಿದ. ಅರ್ಧ ತೆಲುಗು, ಅರ್ಧ ಹಿಂದಿ. ತಾತಾ, ತಪ್ಪಾಗಿದೆ, ನಮಗೆ ಗೊತ್ತಿರಲಿಲ್ಲ ಎಂದ.

ಶಂಶಾಬಾದಿನಲ್ಲಿ ಒಂದು ದೊಡ್ಡ ಬಡಾವಣೆ. ಎಲ್ಲಾ ಮನೆಗೂ ಇದೇ ಬಾಗಿಲು ಒಪ್ಪಿಕೊಂಡಿದ್ದಾರೆ. ಯಂತ್ರ ಕೊರೆಯುತ್ತದೆ, ಆದರೆ ಕೈಯಿಂದ ತಿದ್ದುವ ಕೆಲಸ ಉಳಿಯುತ್ತದೆ. ಅದು ನನ್ನದು. ಬಾಗಿಲ ಒಳಮೈಗೆ ಹಿತ್ತಾಳೆ ತಗಡಿನಲ್ಲಿ ನನ್ನ ಹೆಸರು. ಇನ್ನೂ ಎರಡು ಬಡಾವಣೆ ಮಾತುಕತೆಯಲ್ಲಿವೆ.

ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಖಾಲಿ ದಳ. ಮಹೇಶ ಹೇಳಿದ್ದನ್ನು ಕೇಳಿ, ಜಾಹೀರಾತಿಗೆ ಬರೆಸಿಯೇ ಬಿಟ್ಟಿದ್ದಾನೆ: "ಈ ದಳ ನಿಮಗಾಗಿ ಕಾದಿದೆ." ಓದಿ ಹೇಳಿದಾಗ ಎದ್ದು ಬರಬೇಕೆನಿಸಿತು. ಆದರೆ ಹೊಸ ಬಾಗಿಲು, ಹೊಸ ಯಜಮಾನರು. ಏಟು ಹಾಕುತ್ತಾರೆ, ದಳ ತುಂಬುತ್ತದೆ. ಅದರಲ್ಲಿ ತಪ್ಪೇನು ಎಂದು ನನಗೆ ನಾನೇ ಹೇಳಿಕೊಂಡೆ.

ಒಪ್ಪಿಕೊಂಡೆ. ಬರುವಾಗ ಒಂದು ಕಿಲೋ ಬಾಲೂಶಾಯಿ ತಂದೆ. ಗುರುದೇವಿ ಒಂದು ತಿಂದಳು.

ಜೂನ್ ೨೬, ಬುಧವಾರ

ಕಾಟೇದಾನಿನ ಕಾರ್ಖಾನೆಯಲ್ಲಿ ಕೆಲಸ ಶುರು. ಮೈಕೈ ನೋವು. ಸುಖದ ನೋವು.

ಯಂತ್ರವನ್ನು ಬೈಯಬೇಕೆಂದು ಹೋಗಿದ್ದೆ, ಬೈಯಲಾಗಲಿಲ್ಲ. ಮೇಜಿನ ಮೇಲೆ ಹಲಗೆ ಮಲಗಿಸುತ್ತಾರೆ, ಕೆಳಗಿನಿಂದ ಗಾಳಿ ಎಳೆದು ಕಚ್ಚಿ ಹಿಡಿಯುತ್ತದೆ. ಮೇಲೆ ಗರಗರ ತಿರುಗುವ ಮೊಳೆಯಂಥ ಉಳಿ. ಮೊದಲು ದಪ್ಪ ಉಳಿ ಬಂದು ಬೇಡದ ಮರವನ್ನು ತೆಗೆದುಹಾಕುತ್ತದೆ, ನಾನು ಬಾಚಿಯಿಂದ ಮಾಡುವ ಹಾಗೆಯೇ. ಆಮೇಲೆ ತುದಿ ಗುಂಡಗಿರುವ ಸಣ್ಣ ಉಳಿ, ಉಳುವ ಎತ್ತಿನಂತೆ ಸಾಲು ಸಾಲಾಗಿ ಹೋಗಿ ಬರುತ್ತದೆ. ನಾನು ವಾರಗಟ್ಟಲೆ ಬಗ್ಗಿದ್ದನ್ನು ಬೆಳಿಗ್ಗೆ ಶುರು ಮಾಡಿ ಸಂಜೆಗೆ ಎತ್ತಿಡುತ್ತದೆ.

ಅದಕ್ಕೆ ಬಾರದ್ದೂ ಇದೆ. ಆ ಉಳಿ ನೆಟ್ಟಗೆ ಮೇಲಿನಿಂದಷ್ಟೇ ಇಳಿಯುತ್ತದೆ. ಎಲೆ ಮಡಿಚಿದ ಕಡೆ, ದಳದ ತುಟಿಯ ಕೆಳಗೆ ಓರೆಯಾಗಿ ಹೋಗಲಾರದು. ಅಲ್ಲಿ ಮರ ಗಟ್ಟಿಯಾಗಿ ಉಳಿಯುತ್ತದೆ. ಉಳಿಯ ತುದಿ ದುಂಡಗಾದ್ದರಿಂದ ಮೂಲೆಗಳೂ ದುಂಡಗೆ. ಸಾಲು ಸಾಲಿನ ನಡುವೆ ಬದುವಿನ ಹಾಗೆ ಸಣ್ಣ ಏಣು. ಇದೆಲ್ಲ ಅಲ್ಲಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ನನ್ನನ್ನು ಇಟ್ಟುಕೊಂಡಿರುವುದು. ನಾನು ತುಟಿಯ ಕೆಳಗೆ ತೋಡುತ್ತೇನೆ, ಮೂಲೆ ಚೂಪು ಮಾಡುತ್ತೇನೆ, ಏಣು ಉಜ್ಜುತ್ತೇನೆ. ಹಂಸದ ಕೊರಳಿನ ಜಾರನ್ನೂ ಯಂತ್ರ ಎಲ್ಲಾ ಬಾಗಿಲಿಗೂ ಕೊರೆದಿತ್ತು. ನಗು ಬಂತು. ತಿದ್ದಿದೆ.

ಖಾಲಿ ದಳ ಬಂದಾಗ ಕೈ ತೆಗೆದು ಮುಂದಕ್ಕೆ ಹೋಗುತ್ತೇನೆ.

ಜುಲೈ ೧೦, ಬುಧವಾರ

ಇವತ್ತು ಗೊತ್ತಾಯಿತು.

ಬಾಗಿಲಿಗೆ ಮೆರುಗು ಹೊಡೆಯುವವನಿಗೆ ಆ ದಳವನ್ನು ಬಿಟ್ಟು ಹೊಡೆಯಪ್ಪ, ಯಜಮಾನರು ಏಟು ಹಾಕಿದಮೇಲೆ ಹೊಡೆಯೋಣ ಎಂದೆ. ಅವನು ಮಿಕಮಿಕ ನೋಡಿದ. ಯಾರೂ ಏಟು ಹಾಕುವುದಿಲ್ಲ ತಾತಾ ಎಂದ. ಮೆರುಗಿನ ಪದರ ಒಡೆದರೆ ನೀರು ಇಳಿಯುತ್ತದೆ, ಗ್ಯಾರಂಟಿ ಹೋಗುತ್ತದೆ. ಏನೂ ಮಾಡಬಾರದು ಎಂದು ಕಾಗದದಲ್ಲೇ ಅಚ್ಚಾಗಿದೆ. ದಳ ನೋಡಲು ಮಾತ್ರ.

ಹಾಗಾದರೆ ದಳ ಖಾಲಿಯೇ ಉಳಿಯುತ್ತದೆ. ಎಲ್ಲಾ ಮನೆಯಲ್ಲೂ.



ಜುಲೈ ೧೫, ಸೋಮವಾರ

ಸೀತಾರಾಮನ ಹತ್ತಿರ ಹೋಗಿ ದಳ ಕೊರೆದುಬಿಡೋಣ, ನಾನೇ ಕೊರೆಯುತ್ತೇನೆ, ಕೂಲಿ ಬೇಡ ಎಂದೆ. ಅವನು ನಕ್ಕ. ಬಾಗಿಲು ಮಾರಾಟವಾಗುತ್ತಿರುವುದೇ ಆ ದಳದಿಂದ, ಅದು ಹೋದರೆ ಉಳಿಯುವುದು ಅಂಗಡಿಯ ಕಮಲ ಎಂದ. ಕಾರಣ ಕೇಳಿದ. ಬಾಯಿ ತೆರೆದೆ. ಏನಂತ ಹೇಳಲಿ? ನೀವು ನೂರಾರು ಜನರಿಗೆ ಮಾರುತ್ತಿರುವುದು ನನ್ನ ಸತ್ತ ಮಗನ ಬಾಗಿಲು ಎಂದೇ? ಹೇಳಿದ ಕ್ಷಣ ಕೆಲಸ ಹೋಗುತ್ತದೆ. ಮತ್ತೆ ಸೊಸೆಯ ದುಡಿಮೆ, ಮತ್ತೆ ನನ್ನ ತಟ್ಟೆ. ಅದಷ್ಟೇ ಅಲ್ಲ. ಆ ಮಾತು ನಾನು ಇಲ್ಲಿಯತನಕ ಯಾರ ಮುಂದೂ ಆಡಿಲ್ಲ.

"ಏನೂ ಇಲ್ಲ" ಎಂದು ಬಂದೆ. ಆಷಾಢ ಮುಗಿಯುವತನಕ ಯಾರೂ ಹೊಸ ಮನೆಯ ಒಳಗೆ ಹೋಗುವುದಿಲ್ಲ ಎಂಬುದೊಂದೇ ಧೈರ್ಯ.

ಜುಲೈ ೩೦, ಮಂಗಳವಾರ

ಇವತ್ತು ಒಂದು ಎಲೆಯ ತುದಿ ಹಾರಿಸಿದೆ.

ಗುರುದೇವಿ ಎರಡು ಸಲ ಕೇಳಿದಳು, ಏನಾಗ್ಯಾದ ಎಂದು. ಮೂರನೇ ಸಲ ಹೇಳಿಬಿಟ್ಟೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು. "ನಿಮ್ಮ ಜೀವಕ್ಕ ಒಪ್ಪೂದು ಮಾಡ್ರಿ" ಎಂದಳು, ಅಷ್ಟೇ. ಬೈಯುತ್ತಾಳೆ ಎಂದುಕೊಂಡಿದ್ದೆ.

ಆಗಸ್ಟ್ ೧೪, ಬುಧವಾರ

ಶಂಶಾಬಾದಿನಲ್ಲಿ ಮೊದಲ ಮನೆಯ ಗೃಹಪ್ರವೇಶ ಇವತ್ತು. ಉಳಿ, ಕೊಡತಿ ಚೀಲಕ್ಕೆ ಹಾಕಿಕೊಂಡು ಹೋದೆ. ಕಂಪನಿಯ ಗುರುತಿನ ಚೀಟಿ ನೋಡಿ ಕಾವಲುಗಾರ ಬಿಟ್ಟ.

ಗಂಡಹೆಂಡತಿ ಚಿಕ್ಕ ವಯಸ್ಸಿನವರು, ತೆಲುಗಿನವರು. ಮಾವಿನ ತೋರಣ, ಆಕಳು ಒಳಗೆ ಹೋಗಿ ಬಂದು ಸಗಣಿ ಹಾಕಿತ್ತು, ಎಲ್ಲರಿಗೂ ಖುಷಿ. ಬಾಗಿಲು ಹೊಳೆಯುತ್ತಿತ್ತು. ನಡುವೆ ಆ ದಳ.

ಇದನ್ನು ಮಾಡಿದ ಬಡಿಗ ನಾನು, ಯಜಮಾನರು ಇಲ್ಲಿ ಒಂದು ಏಟು ಹಾಕಬೇಕು ಎಂದೆ. ಗಂಡ ನಯವಾಗಿಯೇ ಬೇಡ ಎಂದ. ಗ್ಯಾರಂಟಿ ಹೋಗುತ್ತದೆ, ಮುಟ್ಟಬೇಡಿ ಎಂದು ಹೇಳಿದ್ದಾರೆ ಎಂದ. ಎರಡನೇ ಸಲ ಕೇಳಿದೆ. ಮೂರನೇ ಸಲ ಕಾಲು ಹಿಡಿಯಲು ಬಗ್ಗಿದೆ. ಅವನು ಗಾಬರಿಯಾಗಿ ಹಿಂದೆ ಸರಿದ. ಹೆಂಡತಿ ಮುಂದೆ ಬಂದಳು. ಹೊಡೆಯದಿದ್ದರೆ ಏನಾಗುತ್ತದೆ ತಾತಾ ಎಂದು ಕೇಳಿದಳು.

ಅಂಥ ದಿನ ಅಂಥ ಹೆಣ್ಣುಮಗಳ ಮುಂದೆ ಏನು ಹೇಳುವುದು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಗೇಡು.

ಅವಳು ಕೈ ಚಾಚಿದಳು. ಉಳಿಯನ್ನು ನಾನು ಗೆರೆಯ ಮೇಲೆ ಹಿಡಿದೆ, ಕೊಡತಿ ಅವಳ ಕೈಗೆ ಕೊಟ್ಟೆ. ಹೊಡೆದಳು. ಏಟು ಓರೆಯಾಯಿತು, ಮೆರುಗು ಅಂಗೈಯಗಲ ಸಿಪ್ಪೆಯಂತೆ ಎದ್ದಿತು. ಗಂಡ ಕೂಗಿದ. ನಾನು ಅಲ್ಲೇ ಕೂತು ದಳವನ್ನು ಕೊರೆದು ಮುಗಿಸಿದೆ. ಚೆಂದ ಆಗಲಿಲ್ಲ. ಆದರೆ ತುಂಬಿತು. ಎದ್ದಾಗ ಗಂಡ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ.

ಆಗಸ್ಟ್ ೧೭, ಶನಿವಾರ

ಎಲ್ಲಾ ಮುಗಿಯಿತು.

ಸೀತಾರಾಮ ಫೋಟೋ ಮುಂದಿಟ್ಟು, ಯಾಕೆ ತಾತಾ ಎಂದ. ಸಿಟ್ಟಿಗಿಂತ ಅವನಿಗೆ ಆಶ್ಚರ್ಯ ಹೆಚ್ಚಾಗಿತ್ತು. ಆಗ ಹೇಳಿದೆ. ನನ್ನ ಮಗ, ಪರಮೇಶ ಅಂತ ಅವನ ಹೆಸರು ಎಂದೆ. ಮುಹೂರ್ತ, ಆಸ್ಪತ್ರೆ, ತಾಡಪತ್ರಿ, ಖಾಲಿ ದಳವೆಂದರೆ ಏನು, ಎಲ್ಲಾ. ಮಹೇಶ ತಲೆ ತಗ್ಗಿಸಿದ್ದ.

ಮೊದಲೇ ಹೇಳಬಾರದಿತ್ತೇ ಎಂದ ಸೀತಾರಾಮ. ಅವನದೇನು ತಪ್ಪು. ಇದು ಹೊರಗೆ ಗೊತ್ತಾದರೆ ಒಂದು ಮನೆಯವರೂ ಬಾಗಿಲು ಉಳಿಸಿಕೊಳ್ಳುವುದಿಲ್ಲ. ಮಹೇಶನಿಗೆ ಚಿತ್ರದಲ್ಲೇ ದಳ ತುಂಬು ಎಂದ.

ಮಹೇಶ ಪಕ್ಕದ ದಳವನ್ನು ಗುರುತು ಮಾಡಿದ, ನಕಲು ತೆಗೆದ, ಕಮಲದ ನಡುಬಿಂದು ಹಿಡಿದು ಒಂದು ದಳದಷ್ಟು ತಿರುಗಿಸಿ ಕೂರಿಸಿದ. ಅಂಚು ಬೆಸೆದ. ಯಂತ್ರದ ಉಳಿ ಹೋಗುವ ದಾರಿಯನ್ನು ಮತ್ತೆ ಲೆಕ್ಕ ಹಾಕಲು ಬಿಟ್ಟ. ನಾನು ಮೂಗು ಒರೆಸಿಕೊಳ್ಳುವಷ್ಟರಲ್ಲಿ ಆಗಿಹೋಯಿತು. ಟ್ಯಾಬ್ ತಿರುಗಿಸಿ ನನಗೆ ತೋರಿಸಿದ. ಆ ಸುಳ್ಳು ಬಿಸಿಲಿನಲ್ಲಿ ಕಮಲ ಪೂರ್ತಿ ಅರಳಿತ್ತು. ಯಾವ ಕೈಯ ಏಟೂ ಇಲ್ಲದೆ.

ಕೊರೆದಿಟ್ಟ ಬಾಗಿಲುಗಳ ದಳವನ್ನು ಕಾರ್ಖಾನೆಯವರೇ ತುಂಬುತ್ತಾರಂತೆ. ಹಿತ್ತಾಳೆ ತಗಡು ರದ್ದು, ಕಥೆಯೇ ಇಲ್ಲದಮೇಲೆ ಹೆಸರು ಯಾಕೆ. ಗಿರಾಕಿಯ ಬಾಗಿಲಿಗೆ ಉಳಿ ಹಾಕಿದವನನ್ನು ಇಟ್ಟುಕೊಳ್ಳಲು ಬಿಲ್ಡರ್ ಒಪ್ಪುವುದಿಲ್ಲ ಎಂದ ಸೀತಾರಾಮ, ಕೈ ಮುಗಿದು. ಆ ಹೆಣ್ಣುಮಗಳು ಏಟು ಹಾಕಿದ ಬಾಗಿಲನ್ನು ನಿನ್ನೆಯೇ ಕಿತ್ತು, ಹೊಸದು ಕೂರಿಸಿದ್ದಾರೆ. ಕಂಪನಿಯ ಆಳೇ ಕೆಡಿಸಿದ್ದೆಂದು, ಗ್ಯಾರಂಟಿಯಲ್ಲೇ.

ಮಹೇಶ ಬಸ್ ಸ್ಟಾಪಿನತನಕ ಬಂದ. ನನ್ನ ಚೀಲ ಎತ್ತಿಕೊಟ್ಟು ಹೋದ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ.

ಆಗಸ್ಟ್ ೧೮, ಭಾನುವಾರ

ಗುರುದೇವಿಗೆ ರಜೆ. ಬೆಳಿಗ್ಗೆ ಚಹಾ ಕೊಟ್ಟು ಎದುರಿಗೆ ಕೂತಳು. ನಡೆದದ್ದನ್ನೆಲ್ಲ ಹೇಳಿದೆ. ಶಂಶಾಬಾದಿನ ಹೆಣ್ಣುಮಗಳ ಮಾತು ಬಂದಾಗ ತಡೆದಳು.

"ಕೊಡತಿ ಆಕಿ ಕೈಯಾಗ ಕೊಟ್ರ್ಯಾ?"

"ಕೊಟ್ಯಾ. ಗಂಡ ಒಲ್ಲೆ ಅಂದ. ಆಕೀನೂ ಮನಿ ಯಜಮಾನತೀನೇ ಅಲ್ಲೇನು?"

ಅವಳು ಲೋಟ ಕೆಳಗಿಟ್ಟಳು.

"ಅತ್ತಾಪುರದ ಆ ಮನಿ ಗ್ವಾಡಿಗಿ ದಿನಾ ಮುಂಜಾನೆ ನೀರ ಹೊಡದಾಕಿ ನಾ ಅದೀನ್ರಿ, ಮಾವಾರ. ಅವರು ಹ್ವಾದ್ರು. ನಾ ಇದ್ನಲ್ಲ. ಗುರುತಿಲ್ಲದ ಮನಿ ಹೆಣ್ಮಗಳ ಕೈಯಾಗ ಕೊಡತಿ ಕೊಟ್ಟು ಕಾಲ ಬೀಳಾಕ ಹ್ವಾದ್ರಿ. ಈ ಮೂರು ವರ್ಷ ನನ್ನ ಕೈಯಾಗ ಯಾಕ ಕೊಡಲಿಲ್ರಿ?"

ಅವಳು ಅಳುತ್ತಿರಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದಳು. ಮೂರು ವರ್ಷ ಅದೊಂದು ಮಾತು ನನ್ನ ತಲೆಗೇ ಬಂದಿರಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?